ಉಜ್ವಲಾ ಸಂಪರ್ಕದ ಮುನ್ನೂರು ರೂಪಾಯಿ ಯಾವ ಖಾತೆಗೆ ಹೋಗುತ್ತಿದೆ?

ಹೊಯ್ಸಳನಾಡು

ನಮ್ಮ ತಾಯಿಯವರ ಹೆಸರಿನಲ್ಲಿ ಉಜ್ವಲಾ ಯೋಜನೆಯ ಗ್ಯಾಸ್ ಸಂಪರ್ಕವಿದೆ. ಅವರು ಹಾಸನ ಜಿಲ್ಲೆಯ ನಮ್ಮ ಹಳ್ಳಿಯಲ್ಲಿದ್ದಾರೆ. ಸಿಲಿಂಡರ್ ಮುಗಿಯುತ್ತಾ ಬಂದಾಗ ನನಗೆ ತಿಳಿಸುತ್ತಾರೆ, ನಾನು ಬೆಂಗಳೂರಿನಿಂದಲೇ ಬುಕ್ ಮಾಡುತ್ತೇನೆ, ಗ್ಯಾಸ್ ತಂದ ಹುಡುಗನಿಗೆ ಅವರು ನಗದು ಕೊಡುತ್ತಾರೆ. ಮೊನ್ನೆ ಊರಿಗೆ ಹೋದಾಗ ಅವರ ಪಾಸ್‌ಬುಕ್ ಮುದ್ರಿಸಿ ತಂದು ನೋಡಿದೆ. 2023ರ ಜುಲೈವರೆಗೆ ಪ್ರತಿ ಸಿಲಿಂಡರಿಗೆ 200 ರೂಪಾಯಿ ಜಮೆಯಾಗಿದೆ. ಅದರ ನಂತರ ಗ್ಯಾಸಿಗೆ ಸಂಬಂಧಿಸಿದ ಒಂದು ನಮೂದೂ ಇಲ್ಲ. ಈಗ ಉಜ್ವಲಾದವರಿಗೆ 300 ರೂಪಾಯಿ ಬರಬೇಕೆಂದು ಕೇಳಿದ್ದೇನೆ.

ಏಜೆನ್ಸಿಯಲ್ಲಿ ವಿಚಾರಿಸಿದರೆ ತಮ್ಮ ಕಡೆಯಿಂದ ಹಣ ಹೋಗಿದೆ ಎನ್ನುತ್ತಾರೆ. ಬ್ಯಾಂಕಿನಲ್ಲಿ ಕೇಳಿದರೆ ತಮಗೆ ಏನೂ ಬಂದಿಲ್ಲ ಎನ್ನುತ್ತಾರೆ. ಇಬ್ಬರ ಮಾತೂ ನಿಜವಾಗಿರುವುದು ಹೇಗೆ ಸಾಧ್ಯ? ಎರಡು ವರ್ಷಗಳ ಹಣ ಎಲ್ಲಿದೆ ಎಂದು ಪತ್ತೆ ಮಾಡುವ ಕ್ರಮ ಗೊತ್ತಿರುವವರು ದಯವಿಟ್ಟು ತಿಳಿಸಿ.

ಪದ್ಮಾ_ಜಯನಗರ

ನಿಮಗೆ ಮಾತ್ರವಲ್ಲ, ಯಾರಿಗೂ ಬರುತ್ತಿಲ್ಲ. ನಮ್ಮ ಮನೆಗೆ 2020ರಿಂದ ಒಂದು ರೂಪಾಯಿಯೂ ಜಮೆಯಾಗಿಲ್ಲ. ಸಬ್ಸಿಡಿಯನ್ನು ಸದ್ದಿಲ್ಲದೆ ನಿಲ್ಲಿಸಿಬಿಟ್ಟರು. ಅದಕ್ಕಾಗಿ ಅಲೆದಾಡಿ ಸಮಯ ಕಳೆಯಬೇಡಿ.

ಹಳೇಲೆಕ್ಕ

ಪದ್ಮಾ ಅವರೇ, ನಿಮ್ಮ ಮಾತು ನಿಮ್ಮ ಸಂಪರ್ಕದ ಮಟ್ಟಿಗೆ ಸರಿ, ಆದರೆ ಇವರು ಕೇಳಿರುವುದು ಉಜ್ವಲಾ ಸಂಪರ್ಕದ ಬಗ್ಗೆ. ನಾನು ಒಬ್ಬ ವಿತರಕರ ಕಚೇರಿಯಲ್ಲಿ ಬಹಳ ಕಾಲ ಲೆಕ್ಕ ಬರೆದವನು, ಆದ್ದರಿಂದ ಈ ವ್ಯತ್ಯಾಸವನ್ನು ಸ್ವಲ್ಪ ವಿವರಿಸುತ್ತೇನೆ.

ಗ್ಯಾಸ್ ಸಬ್ಸಿಡಿಯನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕುವ ಪಹಲ್ ಯೋಜನೆ 2015ರ ಜನವರಿ 1ರಿಂದ ದೇಶದಾದ್ಯಂತ ಜಾರಿಯಾದಾಗ ಸಬ್ಸಿಡಿ ನಿಗದಿತ ಮೊತ್ತವಾಗಿರಲಿಲ್ಲ. ನಾವು ಮಾರುಕಟ್ಟೆ ದರ ಕೊಟ್ಟು ಸಿಲಿಂಡರ್ ಪಡೆಯುತ್ತಿದ್ದೆವು, ಆ ದರಕ್ಕೂ ಸಬ್ಸಿಡಿ ದರಕ್ಕೂ ಇರುವ ಅಂತರ ಖಾತೆಗೆ ಬರುತ್ತಿತ್ತು. 2018ರ ಡಿಸೆಂಬರಿನಲ್ಲಿ ದೆಹಲಿಯ ಮಾರುಕಟ್ಟೆ ದರ 809.50, ಸಬ್ಸಿಡಿ ದರ 500.90 ಇದ್ದಾಗ ಗ್ರಾಹಕರ ಖಾತೆಗೆ ಬಂದದ್ದು 308.60 ರೂಪಾಯಿ. ತಿಂಗಳು ತಿಂಗಳು ದರ ಬದಲಾದಂತೆ ಈ ಅಂತರವೂ ಬದಲಾಗುತ್ತಿತ್ತು. 2020ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೆಲೆ ಕುಸಿದು ದೆಹಲಿಯ ದರ 744ರಿಂದ 581.50ಕ್ಕೆ ಇಳಿಯಿತು. ಅಷ್ಟರಲ್ಲಿ ಸಬ್ಸಿಡಿ ದರ ನಿಧಾನವಾಗಿ ಏರುತ್ತಾ ಅದೇ ಮಟ್ಟಕ್ಕೆ ಬಂದಿದ್ದುದರಿಂದ ಅಂತರವೇ ಉಳಿಯಲಿಲ್ಲ. ಆಮೇಲೆ ಮಾರುಕಟ್ಟೆ ದರ ಮತ್ತೆ ಏರಿದರೂ ಸಾಮಾನ್ಯ ಗ್ರಾಹಕರಿಗೆ ಆ ಅಂತರವನ್ನು ತುಂಬಿಕೊಡಲಿಲ್ಲ.

ಉಜ್ವಲಾದವರದು ಬೇರೆ ಲೆಕ್ಕ. 2022ರ ಮೇ ತಿಂಗಳಲ್ಲಿ ಅವರಿಗೆ ಪ್ರತಿ ಸಿಲಿಂಡರಿಗೆ 200 ರೂಪಾಯಿಯೆಂದು ಪ್ರಕಟವಾಯಿತು, 2023ರ ಅಕ್ಟೋಬರಿನಲ್ಲಿ ಅದನ್ನು 300ಕ್ಕೆ ಏರಿಸಲಾಯಿತು. ದರ ಎಷ್ಟೇ ಇರಲಿ, ಈ ಮೊತ್ತ ಬದಲಾಗುವುದಿಲ್ಲ. ಆದ್ದರಿಂದ ಹೊಯ್ಸಳನಾಡು ಅವರ ತಾಯಿಗೆ ಹಣ ಬರಲೇಬೇಕು.

ಪದ್ಮಾ_ಜಯನಗರ

ಒಪ್ಪುತ್ತೇನೆ, ಉಜ್ವಲಾ ಎಂಬುದನ್ನು ನಾನು ಗಮನಿಸಲಿಲ್ಲ. ಆದರೂ ಅಂತರ ಮತ್ತೆ ತೆರೆದಾಗ ಸಾಮಾನ್ಯ ಗ್ರಾಹಕರಿಗೆ ಕೊಡದಿದ್ದುದನ್ನು ನಿಲ್ಲಿಸಿದರು ಎಂದೇ ಹೇಳಬೇಕು. ಅದಕ್ಕೆ ಬೇರೆ ಹೆಸರಿಲ್ಲ.

ತುಂಗಾತೀರ

ಇದಕ್ಕೆ ಪರಿಹಾರ ಬಹಳ ಸುಲಭ. ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿಯನ್ನು ಏಜೆನ್ಸಿಗೆ ಕೊಟ್ಟು ಖಾತೆ ಸಂಖ್ಯೆಯನ್ನು ಹೊಸದಾಗಿ ದಾಖಲಿಸಲು ಹೇಳಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದ ಮೇಲೆ ಹಣ ಬರತೊಡಗಿತ್ತು. ವರ್ಷಕ್ಕೆ ಹನ್ನೆರಡು ಸಿಲಿಂಡರಿಗೆ ಬರುತ್ತದೆ, ಚಿಂತಿಸಬೇಡಿ.

ಹಳೇಲೆಕ್ಕ

ತುಂಗಾತೀರ ಅವರೇ, ನಿಮ್ಮ ಸಲಹೆ ಒಂದು ಬಗೆಯ ಗ್ರಾಹಕರಿಗೆ ಮಾತ್ರ ಕೆಲಸ ಮಾಡುತ್ತದೆ. ಏಜೆನ್ಸಿಯಲ್ಲಿ ಆಧಾರ್ ಕೊಡದೆ ಖಾತೆ ಸಂಖ್ಯೆ ಮತ್ತು ಐಎಫ್ಎಸ್‌ಸಿ ಸಂಕೇತವನ್ನು ಮಾತ್ರ ಕೊಟ್ಟವರ ಹಣ ಆ ಸಂಖ್ಯೆಗೇ ನೇರವಾಗಿ ಹೋಗುತ್ತದೆ. ಆದರೆ ಆಧಾರ್ ಜೋಡಿಸಿದವರ ವಿಷಯದಲ್ಲಿ ಗ್ಯಾಸ್ ಕಂಪನಿ ಖಾತೆ ಸಂಖ್ಯೆಯನ್ನು ನೋಡುವುದೇ ಇಲ್ಲ. ಆಧಾರ್ ಸಂಖ್ಯೆಯ ಮೇಲೆ ಹಣ ಕಳುಹಿಸುತ್ತದೆ. ಆ ಆಧಾರ್ ಈಗ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬ ಪಟ್ಟಿ ಬ್ಯಾಂಕುಗಳ ನಡುವಿನ ಪಾವತಿ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಬಳಿ ಇದೆ, ಹಣ ಆ ಪಟ್ಟಿಯ ಪ್ರಕಾರ ಹೋಗುತ್ತದೆ. ಒಂದು ಆಧಾರಿಗೆ ಒಂದೇ ಬ್ಯಾಂಕು, ಕೊನೆಯದಾಗಿ ಯಾವುದು ಜೋಡಣೆಯಾಯಿತೋ ಅದೇ. ಇಂತಹ ಗ್ರಾಹಕರು ಏಜೆನ್ಸಿಗೆ ಎಷ್ಟು ಬಾರಿ ಪಾಸ್‌ಬುಕ್ ಪ್ರತಿ ಕೊಟ್ಟರೂ ಹಣದ ದಾರಿ ಬದಲಾಗುವುದಿಲ್ಲ.

ಹನ್ನೆರಡರ ಮಾತು 2024-25ರವರೆಗಿನದು. 2025-26ಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿರುವುದು ವರ್ಷಕ್ಕೆ 9 ಸಿಲಿಂಡರಿಗೆ.

ಹೊಯ್ಸಳನಾಡು ಅವರಿಗೆ ಒಂದು ಪ್ರಶ್ನೆ. 2023ರ ಜುಲೈ ನಂತರ ನಿಂತಿದೆ ಎಂದಿರಿ. ಗೃಹಲಕ್ಷ್ಮಿ ಯೋಜನೆಯ ನೋಂದಣಿ ಆರಂಭವಾದದ್ದು ಅದೇ ಜುಲೈನಲ್ಲಿ. ಆ ಸಮಯದಲ್ಲಿ ನಿಮ್ಮ ತಾಯಿಯವರು ಬೇರೆ ಎಲ್ಲಾದರೂ ಹೊಸ ಖಾತೆ ತೆರೆದರೇ?

ಹೊಯ್ಸಳನಾಡು

ಹೌದು! ಪಕ್ಕದ ಊರಿನ ಇನ್ನೊಂದು ಬ್ಯಾಂಕಿನಲ್ಲಿ ತೆರೆದಿದ್ದಾರೆ. ಗೃಹಲಕ್ಷ್ಮಿಯ ಎರಡು ಸಾವಿರ ಅಲ್ಲಿಗೇ ಬರುತ್ತದೆ. ಅದನ್ನು ನಾವು ಗೃಹಲಕ್ಷ್ಮಿಯ ಖಾತೆ ಎಂದು, ಹಳೆಯದನ್ನು ಗ್ಯಾಸಿನ ಖಾತೆ ಎಂದು ತಿಳಿದುಕೊಂಡಿದ್ದೆವು. ಆ ಖಾತೆಗೆ ಪಾಸ್‌ಬುಕ್ ಇದೆ, ಆದರೆ ತೆರೆದ ದಿನದಿಂದ ಅದನ್ನು ಮುದ್ರಿಸಿಯೇ ಇಲ್ಲ.

ಬ್ಯಾಂಕ್‌ಮಿತ್ರ_ಹಾವೇರಿ

ಇದೇ ಕಾರಣ. ನಾನು ಹಳ್ಳಿಗಳಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ, ಖಾತೆ ತೆರೆಯುವ ಕೆಲಸ ಮಾಡುತ್ತೇನೆ. ಆ ವರ್ಷ ಎಷ್ಟೋ ತಾಯಂದಿರು ಆಧಾರ್ ಜೋಡಣೆಗಾಗಿ ಹೊಸ ಖಾತೆ ತೆರೆದರು. ಆಧಾರ್ ಹೊಸ ಖಾತೆಗೆ ಜೋಡಣೆಯಾದ ಕ್ಷಣದಿಂದ ಗ್ಯಾಸಿನ ಹಣ, ಉದ್ಯೋಗ ಖಾತ್ರಿಯ ಕೂಲಿ, ಆಧಾರ್ ಮೂಲಕ ಬರುವ ಬೇರೆ ಹಣ ಎಲ್ಲವೂ ಒಟ್ಟಿಗೆ ಅಲ್ಲಿಗೆ ತಿರುಗಿಬಿಡುತ್ತವೆ. ಹಳೆಯ ಪಾಸ್‌ಬುಕ್ ಹಿಡಿದು ಬಂದು ಹಣ ನಿಂತಿದೆಯೆಂದು ಕಣ್ಣೀರು ಹಾಕಿದವರನ್ನು ನೋಡಿದ್ದೇನೆ. ಹಣ ನಿಂತಿರುವುದಿಲ್ಲ, ಜಾಗ ಬದಲಿಸಿರುತ್ತದೆ.

ಖಚಿತಪಡಿಸಿಕೊಳ್ಳಲು ಎರಡು ದಾರಿಗಳಿವೆ. ಆಧಾರಿಗೆ ಜೋಡಿಸಿದ ಮೊಬೈಲ್ ಕೈಯಲ್ಲಿದ್ದರೆ myaadhaar.uidai.gov.in ತಾಣಕ್ಕೆ ಪ್ರವೇಶಿಸಿ `Bank Seeding Status` ಒತ್ತಿರಿ. ಯಾವ ಬ್ಯಾಂಕು, ಜೋಡಣೆ ಸಕ್ರಿಯವಾಗಿದೆಯೇ ಎಂಬುದು ಕಾಣಿಸುತ್ತದೆ. ಅದು ಸಾಧ್ಯವಾಗದಿದ್ದರೆ ತಾಯಿಯವರನ್ನು ಆಧಾರ್ ಕಾರ್ಡಿನೊಂದಿಗೆ ಹೊಸ ಬ್ಯಾಂಕಿಗೆ ಕರೆದುಕೊಂಡು ಹೋಗಿ ಪಾಸ್‌ಬುಕ್ ಮುದ್ರಿಸಿಕೊಳ್ಳಿ.

ಕರಾವಳಿ_ಕನ್ನಡತಿ

ನಮ್ಮ ದೊಡ್ಡಮ್ಮನ ಪ್ರಕರಣ ಇದಕ್ಕೆ ತಿರುವುಮುರುವಾಗಿತ್ತು. ಅವರು ಗ್ಯಾಸಿಗೆ ಆಧಾರ್ ಜೋಡಿಸಿರಲಿಲ್ಲ, ಉಡುಪಿಯ ಸಿಂಡಿಕೇಟ್ ಬ್ಯಾಂಕಿನ ಖಾತೆ ಕೊಟ್ಟಿದ್ದರು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನೊಂದಿಗೆ ವಿಲೀನವಾಗಿ, ಮರುವರ್ಷ ಹಳೆಯ ಐಎಫ್ಎಸ್‌ಸಿ ಸಂಕೇತಗಳು ರದ್ದಾದವು. ಏಜೆನ್ಸಿಯ ದಾಖಲೆಯಲ್ಲಿ ಮಾತ್ರ ಹಳೆಯ ಸಂಕೇತವೇ ಉಳಿದಿತ್ತು. ತುಂಗಾತೀರ ಅವರು ಹೇಳಿದಂತೆ ಹೊಸ ಪಾಸ್‌ಬುಕ್ ಪ್ರತಿ ಕೊಟ್ಟದ್ದೇ ಅಲ್ಲಿ ಪರಿಹಾರವಾಯಿತು. ಆದ್ದರಿಂದ ಅವರ ಸಲಹೆಯನ್ನು ಪೂರ್ತಿ ತಳ್ಳಿಹಾಕುವಂತಿಲ್ಲ.

ತುಂಗಾತೀರ

ಧನ್ಯವಾದಗಳು ಅಕ್ಕ. ನಮ್ಮದೂ ಖಾತೆ ಸಂಖ್ಯೆ ಮಾತ್ರ ಕೊಟ್ಟ ಸಂಪರ್ಕವೇ ಇರಬೇಕು, ಹಾಗಾಗಿ ನಮಗೆ ಅದು ಫಲಿಸಿತು.

ನಂಜನಗೂಡು_ರವಿ

ಇದರ ಜೊತೆಗೆ ದರದ ಬಗ್ಗೆಯೂ ಒಂದು ಪ್ರಶ್ನೆ. 2025ರ ಏಪ್ರಿಲ್ 8ರಂದು 50 ರೂಪಾಯಿ ಏರಿತಲ್ಲ, ನಾನು ಅದಕ್ಕೆ ಮೊದಲೇ ಬುಕ್ ಮಾಡಿ ಆನ್‌ಲೈನಿನಲ್ಲಿ ಹಣ ಕಟ್ಟಿದ್ದೆ. ಸಿಲಿಂಡರ್ ಬಂದದ್ದು ಏರಿಕೆಯ ನಂತರ. ಡೆಲಿವರಿ ಹುಡುಗ ಹೆಚ್ಚಿನ 50 ಕೇಳಿದ, ಕೊಟ್ಟೆ. ಅದು ಸರಿಯೇ?

ಹಳೇಲೆಕ್ಕ

ನಗದು ಕೊಡುವವರಿಗೆ ಸಿಲಿಂಡರ್ ಮನೆಗೆ ತಲುಪಿದ ದಿನದ ದರವೇ ಅನ್ವಯಿಸುತ್ತದೆ, ಬುಕ್ ಮಾಡಿದ ದಿನದ್ದಲ್ಲ. ಬೆಂಗಳೂರಿನಲ್ಲಿ 805.50 ಇದ್ದಾಗ ಬುಕ್ ಮಾಡಿ ಏಪ್ರಿಲ್ 8ರ ನಂತರ ಪಡೆದವರು 855.50 ಕೊಡಬೇಕಾಯಿತು. ದರ ಇಳಿದಾಗ ಇದೇ ನಿಯಮ ಗ್ರಾಹಕರಿಗೆ ಅನುಕೂಲವೂ ಆಗುತ್ತದೆ. 2023ರ ಆಗಸ್ಟ್ 30ರಂದು 1105.50ರಿಂದ 905.50ಕ್ಕೆ ಇಳಿದ ದಿನ, ಹಿಂದಿನ ದಿನ ಬುಕ್ ಮಾಡಿದ್ದವರಿಗೂ ಕಡಿಮೆ ದರವೇ ಸಿಕ್ಕಿತು. ಮುಂಗಡ ಪಾವತಿಸಿದವರ ವಿಷಯದಲ್ಲಿ ನಮ್ಮ ಕಚೇರಿಯಲ್ಲಿ ವ್ಯತ್ಯಾಸ ಕೇಳುತ್ತಿರಲಿಲ್ಲ, ಮರಳಿಸುತ್ತಲೂ ಇರಲಿಲ್ಲ.

ಪದ್ಮಾ_ಜಯನಗರ

ನಮ್ಮ ಬಡಾವಣೆಯಲ್ಲಿ ಕೇಳಿ ಪಡೆದಿದ್ದಾರೆ, ಅದೂ ರಸೀದಿ ಇಲ್ಲದೆ. ರಸೀದಿಯಲ್ಲಿ ಮುದ್ರಿತವಾದ ಮೊತ್ತಕ್ಕಿಂತ ಹೆಚ್ಚು ಕೇಳುವುದಾದರೆ ಅದಕ್ಕೂ ರಸೀದಿ ಕೊಡಲಿ ಎಂಬುದು ನನ್ನ ವಾದ.

ಬ್ಯಾಂಕ್‌ಮಿತ್ರ_ಹಾವೇರಿ

ನಮ್ಮ ಕಡೆ ದರ ಏರದ ತಿಂಗಳಲ್ಲೂ ಮೂವತ್ತು ನಲವತ್ತು ಹೆಚ್ಚು ಕೇಳುತ್ತಾರೆ. ಮನೆಗೆ ತಲುಪಿಸುವ ವೆಚ್ಚ ರಸೀದಿಯ ದರದಲ್ಲಿಯೇ ಸೇರಿರುತ್ತದೆ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ಹೊಯ್ಸಳನಾಡು ಅವರೇ, ನಿಮ್ಮ ತಾಯಿ ಒಂದು ಸಿಲಿಂಡರಿಗೆ ಎಷ್ಟು ಕೊಡುತ್ತಿದ್ದಾರೆ?

ಹೊಯ್ಸಳನಾಡು

ಒಂಬೈನೂರು ಕೊಡುತ್ತಾರೆ, ಚಿಲ್ಲರೆ ವಾಪಸು ಬರುವುದಿಲ್ಲ. ರಸೀದಿಯನ್ನು ಅವರು ಕೇಳಿದ್ದೂ ಇಲ್ಲ. ನಮ್ಮಲ್ಲಿ ದರ ಬೆಂಗಳೂರಿಗಿಂತ ಸ್ವಲ್ಪ ಹೆಚ್ಚೆಂದು ಗೊತ್ತು. ಅದನ್ನೂ ವಿಚಾರಿಸುತ್ತೇನೆ.

ಈಗ ಮುಖ್ಯ ವಿಷಯ. ಹೊಸ ಖಾತೆಯ ಪಾಸ್‌ಬುಕ್ ಮುದ್ರಿಸಿಕೊಂಡೆ. ಹಣ ಅಲ್ಲಿಯೇ ಇದೆ! ಗೃಹಲಕ್ಷ್ಮಿಯ ಎರಡೆರಡು ಸಾವಿರದ ನಡುವೆ ಗ್ಯಾಸಿನ ಜಮೆಗಳು ಸಾಲಾಗಿವೆ. ಮೊದಲನೆಯದು 2023ರ ಸೆಪ್ಟೆಂಬರಿನದು, 200 ರೂಪಾಯಿ. ನವೆಂಬರಿನದು 300, ಅಲ್ಲಿಂದ ಮುಂದೆ ಎಲ್ಲವೂ 300. ಹಳೇಲೆಕ್ಕ ಅವರು ಹೇಳಿದ ಅಕ್ಟೋಬರಿನ ಏರಿಕೆಗೆ ಇದು ಸರಿಯಾಗಿ ಹೊಂದುತ್ತದೆ. ತಾಯಿಯವರಿಗೆ ತೋರಿಸಿದಾಗ ಅವರಿಗಾದ ಸಮಾಧಾನವನ್ನು ಇಲ್ಲಿ ಬರೆಯಲೇಬೇಕು, ನಿಮ್ಮೆಲ್ಲರಿಗೂ ಅವರ ಕೃತಜ್ಞತೆಯನ್ನು ತಿಳಿಸಲು ಹೇಳಿದ್ದಾರೆ.

ಆದರೆ ಎಣಿಸಿದಾಗ ಒಂದು ಗೊಂದಲ ಎದ್ದಿದೆ. 2025ರ ಏಪ್ರಿಲ್‌ನಿಂದ ಇಲ್ಲಿಯವರೆಗೆ ಆರು ಜಮೆಗಳಿವೆ, ಅಂದರೆ 1800 ರೂಪಾಯಿ. ತಾಯಿಯವರು ಗ್ಯಾಸ್ ಪುಸ್ತಕದಲ್ಲಿ ಬರೆಸಿಕೊಂಡಿರುವುದು ಐದು ಸಿಲಿಂಡರ್ ಮಾತ್ರ. ನಾನು ಬುಕ್ ಮಾಡಿರುವುದೂ ಐದೇ. ಹೆಚ್ಚಿನ 300 ಹೇಗೆ ಬಂತು? ಹಳೆಯ ಬಾಕಿಯೇ?

ತುಂಗಾತೀರ

ಹಳೆಯ ಬಾಕಿಯೇ ಇರಬೇಕು. ಬಂದ ಹಣವನ್ನು ಪ್ರಶ್ನಿಸುವುದೇಕೆ? ಸುಮ್ಮನಿರಿ.

ಹಳೇಲೆಕ್ಕ

ಸುಮ್ಮನಿರಬಾರದು. ಹಣ ತಾನಾಗಿ ಹೊರಡುವುದಿಲ್ಲ. ಏಜೆನ್ಸಿಯ ಗಣಕದಲ್ಲಿ ಒಂದು ಸಿಲಿಂಡರಿಗೆ ರಸೀದಿ ಸಿದ್ಧವಾಗಿ, ಅದು ತಲುಪಿತೆಂದು ದಾಖಲಾದ ಮೇಲಷ್ಟೇ ಆ ಗ್ರಾಹಕರ ಹೆಸರಿನಲ್ಲಿ ಸಬ್ಸಿಡಿಯ ಬೇಡಿಕೆ ಕಂಪನಿಗೆ ಹೋಗುತ್ತದೆ. ಹಿಂದೆ ತಿರಸ್ಕೃತವಾಗಿದ್ದ ಹಣವನ್ನು ಮತ್ತೆ ಕಳುಹಿಸಿರುವ ಸಾಧ್ಯತೆಯೂ ಇದೆ, ಆದರೆ ಊಹಿಸುವ ಅಗತ್ಯವಿಲ್ಲ, ನೋಡಿಯೇ ತಿಳಿಯಬಹುದು. mylpg.in ತಾಣದಲ್ಲಿ ನಿಮ್ಮ ಕಂಪನಿಯ ಸಿಲಿಂಡರಿನ ಚಿತ್ರವನ್ನು ಒತ್ತಿ, ಏಜೆನ್ಸಿಯಲ್ಲಿ ನೋಂದಾಯಿಸಿದ ಮೊಬೈಲ್ ಸಂಖ್ಯೆಯಿಂದ ಪ್ರವೇಶಿಸಿ. ಬುಕಿಂಗ್ ಇತಿಹಾಸದಲ್ಲಿ ಪ್ರತಿ ಸಿಲಿಂಡರಿನ ಬುಕಿಂಗ್ ದಿನ, ತಲುಪಿದ ದಿನ, ಸಬ್ಸಿಡಿಯ ಮೊತ್ತ ಸಾಲುಸಾಲಾಗಿ ಸಿಗುತ್ತವೆ. ಆ ಸಾಲುಗಳನ್ನು ಒಂದು ಪಕ್ಕದಲ್ಲಿ ಗ್ಯಾಸ್ ಪುಸ್ತಕದೊಂದಿಗೆ, ಇನ್ನೊಂದು ಪಕ್ಕದಲ್ಲಿ ಬ್ಯಾಂಕಿನ ಪಾಸ್‌ಬುಕ್ಕಿನೊಂದಿಗೆ ಹೋಲಿಸಿ. ಇತಿಹಾಸದಲ್ಲಿ ಐದೇ ಸಾಲುಗಳಿದ್ದರೆ ಹೆಚ್ಚಿನ ಜಮೆ ಹಳೆಯ ಬಾಕಿ. ಆರು ಸಾಲುಗಳಿದ್ದರೆ ವಿಷಯ ಬೇರೆ.

ಹೊಯ್ಸಳನಾಡು

ಆರು ಸಾಲುಗಳಿವೆ. ಆಗಸ್ಟಿನಲ್ಲಿ ಹನ್ನೊಂದು ದಿನಗಳ ಅಂತರದಲ್ಲಿ ಎರಡು ಸಿಲಿಂಡರ್ ತಲುಪಿವೆಯೆಂದು ತೋರಿಸುತ್ತಿದೆ. ಒಬ್ಬರೇ ಇರುವ ಮನೆಯಲ್ಲಿ ಒಂದು ಸಿಲಿಂಡರ್ ಒಂದೂವರೆ ತಿಂಗಳು ಬರುತ್ತದೆ. ಎರಡನೆಯದು ನಮ್ಮ ಮನೆಗೆ ಬಂದಿಲ್ಲ, ನಾವು ಬುಕ್ ಮಾಡಿಲ್ಲ.

ಹಳೇಲೆಕ್ಕ

ಹಾಗಾದರೆ ನಿಮ್ಮ ತಾಯಿಯ ಹೆಸರಿನಲ್ಲಿ ಒಂದು ಸಿಲಿಂಡರ್ ಬೇರೆಲ್ಲಿಗೋ ಹೋಗಿದೆ. ಗೃಹ ಬಳಕೆಯ ಸಿಲಿಂಡರಿಗೂ ಹೋಟೆಲುಗಳು ಕೊಳ್ಳಬೇಕಾದ 19 ಕಿಲೋದ ವಾಣಿಜ್ಯ ಸಿಲಿಂಡರಿಗೂ ಕಿಲೋವಿಗೆ ಇರುವ ದರದ ವ್ಯತ್ಯಾಸವೇ ಇಂತಹ ಬುಕಿಂಗಿಗೆ ಕಾರಣ. ಗೃಹ ಬಳಕೆಯದಕ್ಕೆ ಜಿಎಸ್‌ಟಿ ಶೇಕಡಾ 5, ವಾಣಿಜ್ಯದ್ದಕ್ಕೆ ಶೇಕಡಾ 18. ಕಡಿಮೆ ಸಿಲಿಂಡರ್ ಬಳಸುವ ಗ್ರಾಹಕರ ಹೆಸರಿನಲ್ಲಿ ಬುಕ್ ಮಾಡಿದರೆ ಅವರಿಗೆ ಗೊತ್ತಾಗುವುದು ಅಪರೂಪ, ಅದರಲ್ಲೂ ನೋಂದಾಯಿತ ಮೊಬೈಲಿನ ಸಂದೇಶಗಳನ್ನು ಯಾರೂ ಓದದಿದ್ದರೆ.

ಸಿಲಿಂಡರ್ ಕೊಡುವಾಗ ಮೊಬೈಲಿಗೆ ಬರುವ ಡಿಎಸಿ ಸಂಕೇತವನ್ನು ಕೇಳುವ ಪದ್ಧತಿ 2020ರ ನವೆಂಬರಿನಲ್ಲಿ ಬಂದದ್ದು ಇದನ್ನು ತಡೆಯಲಿಕ್ಕೇ. ನೋಂದಾಯಿತ ಮೊಬೈಲ್ ಯಾರ ಬಳಿ ಇದೆ? ಆಗಸ್ಟಿನಲ್ಲಿ ಆ ಸಂಕೇತ ಬಂದಿತ್ತೇ ನೋಡಿ.

ಹೊಯ್ಸಳನಾಡು

ಏಜೆನ್ಸಿಯಲ್ಲಿ ಇರುವುದು ತಾಯಿಯವರ ಹಳೆಯ ಫೋನಿನ ಸಂಖ್ಯೆ. ಆ ಫೋನ್ ಅವರ ಬಳಿಯೇ ಇದೆ. ಸಂದೇಶಗಳು ತುಂಬಿದಾಗ ಅಳಿಸಿಬಿಡುತ್ತಾರಂತೆ, ಆಗಸ್ಟಿನವು ಉಳಿದಿಲ್ಲ. ಗ್ಯಾಸ್ ಹುಡುಗ ಸಂಕೇತ ಕೇಳಿದ್ದು ಒಂದೆರಡು ಬಾರಿ ಮಾತ್ರ ಎಂದರು.

ತುಂಗಾತೀರ

ನಾನು ಹೇಳುವುದನ್ನು ತಪ್ಪು ತಿಳಿಯಬೇಡಿ. ಆ ಸಿಲಿಂಡರಿಗೆ ನಿಮ್ಮ ತಾಯಿ ಹಣ ಕೊಟ್ಟಿಲ್ಲ, ಮೇಲಾಗಿ 300 ರೂಪಾಯಿ ಬಂದಿದೆ. ನಷ್ಟವೇನು? ದೂರು ಕೊಟ್ಟರೆ ಮುಂದಿನ ಸಿಲಿಂಡರನ್ನು ತಡಮಾಡಿ ಸತಾಯಿಸುತ್ತಾರೆ. ಹಳ್ಳಿಯಲ್ಲಿ ಏಜೆನ್ಸಿ ಒಂದೇ ಇರುತ್ತದೆ. ವಯಸ್ಸಾದವರನ್ನು ಜಗಳಕ್ಕೆ ಎಳೆಯಬಾರದು.

ಬ್ಯಾಂಕ್‌ಮಿತ್ರ_ಹಾವೇರಿ

ನಷ್ಟವಿದೆ ಸರ್. 9ರ ಮಿತಿಯಲ್ಲಿ ಒಂದನ್ನು ಬೇರೆಯವರು ತಿಂದಿದ್ದಾರೆ. ಒಬ್ಬರೇ ಇರುವ ಮನೆಗೆ ಅದು ತಟ್ಟದಿರಬಹುದು, ಐದಾರು ಜನರಿರುವ ಮನೆಯಾಗಿದ್ದರೆ ವರ್ಷದ ಕೊನೆಯ ಸಿಲಿಂಡರಿಗೆ ಸಬ್ಸಿಡಿ ಬರುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಡವರಿಗೆಂದು ಕೊಟ್ಟ ಸಿಲಿಂಡರ್ ಅವರ ಹೆಸರಿನಲ್ಲಿಯೇ ಕಳುವಾಗುತ್ತಿದ್ದರೆ ಮುನ್ನೂರು ರೂಪಾಯಿ ಸಿಕ್ಕಿತೆಂದು ಬಾಯಿ ಮುಚ್ಚಿಕೊಳ್ಳುವುದನ್ನು ನಾನು ಒಪ್ಪಲಾರೆ.

ಕರಾವಳಿ_ಕನ್ನಡತಿ

ಏಜೆನ್ಸಿಯ ಮಾಲೀಕರಿಗೆ ಗೊತ್ತಿಲ್ಲದೆ ತಲುಪಿಸುವವರೇ ಮಾಡಿರಲೂಬಹುದು. ಮೊದಲು ಏಜೆನ್ಸಿಗೆ ಹೋಗಿ ಆ ದಿನದ ರಸೀದಿಯ ಪ್ರತಿ ಕೇಳಿ ನೋಡಬಾರದೇ? ನೇರವಾಗಿ ಮೇಲಿನವರಿಗೆ ದೂರು ಕೊಡುವುದು ಸ್ವಲ್ಪ ಅವಸರವಾಯಿತೆಂದು ನನಗೆ ಅನಿಸುತ್ತದೆ.

ಹಳೇಲೆಕ್ಕ

ಎರಡನ್ನೂ ಮಾಡಬಹುದು, ಆದರೆ ಬರವಣಿಗೆಯ ದೂರು ಮೊದಲಿರಲಿ. ಬಾಯಿಮಾತಿನಲ್ಲಿ ಕೇಳಿದರೆ ಪಕ್ಕದ ಮನೆಯವರು ನಿಮ್ಮ ಪುಸ್ತಕ ತಂದು ಒಯ್ದರು ಎಂಬಂತಹ ಉತ್ತರ ಬರಬಹುದು, ಅದನ್ನು ಪರೀಕ್ಷಿಸಲು ನಿಮಗೆ ದಾರಿ ಇರುವುದಿಲ್ಲ. mylpg.in ತಾಣದಲ್ಲಿಯೇ ದೂರಿನ ಭಾಗವಿದೆ, ಇಲ್ಲವೇ 18002333555 ಸಂಖ್ಯೆಗೆ ಕರೆ ಮಾಡಿ ದೂರಿನ ಸಂಖ್ಯೆ ಪಡೆದುಕೊಳ್ಳಿ. 1906 ಅನಿಲ ಸೋರಿಕೆಯ ತುರ್ತಿಗೆ ಮಾತ್ರ, ಇದಕ್ಕೆ ಅದನ್ನು ಬಳಸಬೇಡಿ. ಯಾವ ದಿನಾಂಕದ ಸಿಲಿಂಡರ್ ತಲುಪಿಲ್ಲ, ಅದರ 300 ರೂಪಾಯಿ ಯಾವ ದಿನ ಜಮೆಯಾಗಿದೆ ಎಂಬುದನ್ನು ನೀವೇ ತಿಳಿಸಿಬಿಡಿ. ಆಗ ಹಣ ಮುಚ್ಚಿಟ್ಟರೆಂಬ ಮಾತು ನಿಮ್ಮ ಕಡೆಗೆ ತಿರುಗುವುದಿಲ್ಲ.

ತುಂಗಾತೀರ ಅವರ ಭಯ ಆಧಾರವಿಲ್ಲದ್ದಲ್ಲ, ಸತಾಯಿಸುವವರು ಇದ್ದಾರೆ. ಹಾಗಾದರೆ ಅದೇ ಪ್ರದೇಶಕ್ಕೆ ಸಿಲಿಂಡರ್ ಕೊಡುವ ಇನ್ನೊಬ್ಬ ವಿತರಕರಿಗೆ ಸಂಪರ್ಕವನ್ನು ವರ್ಗಾಯಿಸಿಕೊಳ್ಳುವ ಅವಕಾಶವಿದೆ. ಆದರೆ ಹಳ್ಳಿಗೆ ಬರುವ ವಾಹನ ಒಂದೇ ಆಗಿದ್ದರೆ ಅದು ಹೆಸರಿಗಷ್ಟೇ ಅವಕಾಶ, ಒಪ್ಪುತ್ತೇನೆ.

ಹೊಯ್ಸಳನಾಡು

ದೂರು ದಾಖಲಿಸಿದ್ದೇನೆ. ಸಂಖ್ಯೆ ಬಂದಿದೆ. ತಾಯಿಯವರನ್ನು ಕೇಳಿಯೇ ಮಾಡಿದೆ. ತಮ್ಮ ಹೆಸರಿನಲ್ಲಿ ಬೇರೆಯವರು ತೆಗೆದುಕೊಳ್ಳುವುದು ಅವರಿಗೂ ಇಷ್ಟವಿಲ್ಲ. ಏಜೆನ್ಸಿಯಲ್ಲಿ ಮೊಬೈಲ್ ಸಂಖ್ಯೆಯನ್ನು ನನ್ನದಕ್ಕೆ ಬದಲಿಸಲು ಅರ್ಜಿಯನ್ನೂ ಕೊಡುತ್ತಿದ್ದೇನೆ.

ಕೊನೆಯ ಪ್ರಶ್ನೆ: ಹಳೆಯ ಬ್ಯಾಂಕ್ ನಮ್ಮ ಊರಿನಲ್ಲೇ ಇದೆ, ಹೊಸದಕ್ಕೆ ಬಸ್ಸಿನಲ್ಲಿ ಹೋಗಬೇಕು. ಗ್ಯಾಸಿನ ಹಣವನ್ನು ಮಾತ್ರ ಹಳೆಯ ಖಾತೆಗೆ ತಿರುಗಿಸಬಹುದೇ?

ಬ್ಯಾಂಕ್‌ಮಿತ್ರ_ಹಾವೇರಿ

ಮೊಬೈಲ್ ಸಂಖ್ಯೆ ನಿಮ್ಮದಾದರೆ ಡಿಎಸಿ ಸಂಕೇತವೂ ನಿಮಗೇ ಬರುತ್ತದೆ. ಸಿಲಿಂಡರ್ ಬರುವ ಹೊತ್ತಿಗೆ ನೀವು ಫೋನ್ ಎತ್ತದಿದ್ದರೆ ತಾಯಿಯವರು ಬಾಗಿಲಲ್ಲಿ ಕಾಯಬೇಕಾಗುತ್ತದೆ. ಯೋಚಿಸಿ ಬದಲಿಸಿ. ಹಾಗೆಯೇ ಏಜೆನ್ಸಿಗೆ ಹೋದಾಗ ಇ-ಕೆವೈಸಿ ಆಗಿದೆಯೇ ಎಂದು ಕೇಳಿ, ಅದಕ್ಕೆ ಶುಲ್ಕವಿಲ್ಲ.

ಹಳೇಲೆಕ್ಕ

ಗ್ಯಾಸಿನದನ್ನು ಮಾತ್ರ ಬೇರ್ಪಡಿಸಲು ಬರುವುದಿಲ್ಲ. ಹಳೆಯ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯ ಅರ್ಜಿ ಕೊಟ್ಟರೆ ಗೃಹಲಕ್ಷ್ಮಿಯ ಹಣವೂ ಜೊತೆಯಲ್ಲೇ ಅಲ್ಲಿಗೆ ಬರುತ್ತದೆ. ಊರಿನ ಬ್ಯಾಂಕೇ ಅನುಕೂಲವೆಂದಾದರೆ ಎಲ್ಲವನ್ನೂ ಅಲ್ಲಿಗೇ ತಂದುಕೊಳ್ಳಿ. ಆದರೆ ಜೋಡಣೆ ಬದಲಾಗಿದೆಯೆಂದು ಆಧಾರ್ ತಾಣದಲ್ಲಿ ಕಾಣಿಸಿ, ಒಂದು ಸಿಲಿಂಡರಿನ ಹಣವಾದರೂ ಅಲ್ಲಿಗೆ ಬಂದು ಬೀಳುವವರೆಗೆ ಹೊಸ ಖಾತೆಯನ್ನು ಮುಚ್ಚಬೇಡಿ. ಮುಚ್ಚಿದ ಖಾತೆಗೆ ಹೋದ ಹಣ ತಿರಸ್ಕೃತವಾಗಿ ಕಂಪನಿಗೆ ಮರಳುತ್ತದೆ, ಅದನ್ನು ಮತ್ತೆ ತರಿಸಿಕೊಳ್ಳುವುದು ಇಷ್ಟು ಸುಲಭವಲ್ಲ.